ಸಂಖ್ಯೆ ಸರಿ, ಗಿಟಾರ್ ನಕಲಿ

ಗೆಳೆಯನೊಬ್ಬ ನಾಲ್ಕು ಫೋಟೊ ಕಳುಹಿಸಿ, "ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್, 1997ರದಂತೆ. ಮುಂಗಡ ಕೊಟ್ಟುಬಿಡಲೇ?" ಎಂದು ಕೇಳಿದ. ಗಿಟಾರ್ ದುರಸ್ತಿ ನನ್ನ ಕಸುಬು. ಒಂದು ದಿನ ತಡೆಯಲು ಹೇಳಿದೆ.

ಮೊದಲು ನೋಡಿದ್ದು ಹೆಡ್‌ಸ್ಟಾಕ್‌ನ, ಅಂದರೆ ತಂತಿ ಬಿಗಿಸುವ ಕೀಗಳಿರುವ ತುದಿಯ, ಹಿಂಬದಿಯ ಸರಣಿ ಸಂಖ್ಯೆ. ಎಂಟು ಅಂಕಿಗಳಿದ್ದವು, ಮೊದಲ ಐದು 92867. ಗಿಬ್ಸನ್ ಕಂಪನಿಯ ಆ ಕಾಲದ ಪದ್ಧತಿಯಲ್ಲಿ ಒಂದನೆಯ ಮತ್ತು ಐದನೆಯ ಅಂಕಿ ಸೇರಿದರೆ ವರ್ಷ, ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೆಯ ದಿನ ಎಂಬುದು. ಅಂದರೆ 1997ರ 286ನೆಯ ದಿನ, ಅಕ್ಟೋಬರ್ 13. ಮಾರುವವರ ಮಾತಿಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಅಸಲಿ ಗಿಟಾರ್ ಒಂದರ ಸಂಖ್ಯೆಯನ್ನು ನೋಡಿ ಬರೆದುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಸಂಖ್ಯೆ ತಪ್ಪಿದ್ದರೆ ಅನುಮಾನ ಹುಟ್ಟುತ್ತದೆ. ಸರಿಯಿದ್ದರೆ ಏನೂ ಸಾಬೀತಾಗುವುದಿಲ್ಲ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್‌ನ ಹೆಸರು ಹೊತ್ತು ಪಿಟೀಲಿನ ಒಳಗೆ ಅಂಟಿಕೊಂಡಿರುವ ಚೀಟಿಯೂ ಹೀಗೆಯೇ: ಕಾರ್ಖಾನೆಯಲ್ಲಿ ತಯಾರಾದ ಲೆಕ್ಕವಿಲ್ಲದಷ್ಟು ಪಿಟೀಲುಗಳಲ್ಲಿ ಅದೇ ಚೀಟಿ ಇದೆ.

ಅಂಕಿಗಳ ಅಚ್ಚು ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಗಿಬ್ಸನ್‌ನಲ್ಲಿ ಸಂಖ್ಯೆಯನ್ನು ಮರಕ್ಕೆ ಒತ್ತಿದ ಮೇಲೆ ಮೆರುಗು ಹಚ್ಚುತ್ತಾರೆ, ಹಾಗಾಗಿ ಅಂಕಿಗಳ ಅಂಚು ಮೃದುವಾಗಿ ಕಾಣುತ್ತದೆ. ಇಲ್ಲಿ ಮೆರುಗಿನ ಮೇಲೆಯೇ ಕೊರೆದಂತೆ ಅಂಚುಗಳು ಚೂಪಾಗಿದ್ದವು.

ಮುಂಭಾಗದ ಫೋಟೊ ಓರೆಯಾಗಿತ್ತು. ಓರೆ ಫೋಟೊ ನೋಡಿ ಆಕಾರದ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ನೇರವಾಗಿ ತೆಗೆದದ್ದನ್ನು ತರಿಸಿ, ಅಸಲಿ ಹೆಡ್‌ಸ್ಟಾಕ್‌ನ ಫೋಟೊವನ್ನು ಅದರ ಮೇಲಿಟ್ಟು, ಟ್ಯೂನಿಂಗ್ ಕೀಗಳ ರಂಧ್ರಗಳನ್ನು ಹೊಂದಿಸಿ ನೋಡಿದೆ. ತೆರೆದ ಪುಸ್ತಕದಂತಿರುವ ಮೇಲಂಚಿನ ನಡುವಿನ ತಗ್ಗು ಇದರಲ್ಲಿ ಅಗಲವಾಗಿ, ಆಳವಿಲ್ಲದೆ ಇತ್ತು. ಲೋಗೊ ಸ್ಟ್ಯಾಂಡರ್ಡ್ ಮಾದರಿಯಲ್ಲಿ ಮುತ್ತಿನ ಚಿಪ್ಪಿನ ಹೊಳಪಿನ ಕೆತ್ತನೆಯಾಗಿರಬೇಕು. ಇಲ್ಲಿ ಅಂಟಿಸಿದ ಡೆಕಾಲ್‌ನ ಅಂಚು ಬೆಳಕಿಗೆ ಮಿನುಗುತ್ತಿತ್ತು. ಲೆಸ್ ಪಾಲ್‌ನದೇ ಸ್ಟುಡಿಯೊ ಮಾದರಿಯಲ್ಲಿ ಲೋಗೊ ಮುದ್ರಿಸಿದ್ದೂ ಉಂಟು, ಆದ್ದರಿಂದ ಮಾದರಿಯ ಹೆಸರು ತಿಳಿಯದೆ ಈ ಗುರುತನ್ನು ನಂಬಬಾರದು.

ಕುತ್ತಿಗೆಯ ಬಾಗು ಸರಿಪಡಿಸಲು ಅದರೊಳಗೆ ಇಟ್ಟಿರುವ ಲೋಹದ ಸರಳು ಟ್ರಸ್ ರಾಡ್. ಅದರ ಮುಚ್ಚಳಕ್ಕೆ ಮೂರು ಸ್ಕ್ರೂಗಳಿದ್ದವು. ಗಿಬ್ಸನ್‌ನಲ್ಲಿ ಎರಡು. ಆದರೂ ಮುಚ್ಚಳವನ್ನು ಯಾರಾದರೂ ಬದಲಿಸಿರಬಹುದಲ್ಲ? ಅದನ್ನು ಬಿಚ್ಚಿ ಒಳಗಿನ ಫೋಟೊ ಕಳುಹಿಸುವಂತೆ ಮಾರುವವರಿಗೆ ಗೆಳೆಯನಿಂದ ಹೇಳಿಸಿದೆ. ಅಲ್ಲಿ ಆರು ಮೂಲೆಯ ಹಿತ್ತಾಳೆ ನಟ್ ಇರಬೇಕಿತ್ತು. ಇದ್ದದ್ದು ಅಲೆನ್ ಕೀ ತೂರಿಸುವ ಕುಳಿ. ಕುತ್ತಿಗೆಯ ಹಿಂಬದಿಯಲ್ಲಿ, ಹೆಡ್‌ಸ್ಟಾಕ್ ಶುರುವಾಗುವ ಕಡೆ, ಎರಡು ಮರದ ತುಂಡುಗಳನ್ನು ಓರೆಯಾಗಿ ಬೆಸೆದ ಗೆರೆಯೂ ಕಂಡಿತು. ಗಿಬ್ಸನ್ ಕುತ್ತಿಗೆ ಮತ್ತು ಹೆಡ್‌ಸ್ಟಾಕ್ ಒಂದೇ ಮರದ ತುಂಡಿನವು, ಅಗಲಕ್ಕಾಗಿ ಎರಡು ಪಕ್ಕಕ್ಕೂ ಚಿಕ್ಕ ಕಿವಿಗಳನ್ನು ಅಂಟಿಸಿರುತ್ತಾರೆ ಅಷ್ಟೇ. ಮುರಿದು ಕೂಡಿಸಿದ ಅಸಲಿ ಗಿಟಾರ್‌ನಲ್ಲಿಯೂ ಗೆರೆ ಇರಬಹುದು, ಆದರೆ ಅದು ಅಡ್ಡಾದಿಡ್ಡಿಯಾಗಿರುತ್ತದೆ. ಇದು ಗರಗಸದ ನೇರ ಗೆರೆ.

"ಬೇಡ" ಎಂದು ತಿಳಿಸಿದೆ. ರಾತ್ರಿ ಆ ಎಂಟೂ ಅಂಕಿಗಳನ್ನು ಹುಡುಕಿದಾಗ ಅದೇ ಸಂಖ್ಯೆಯ ಇನ್ನೆರಡು ಗಿಟಾರ್‌ಗಳು ಮಾರಾಟಕ್ಕಿದ್ದವು, ಒಂದು ಕಪ್ಪು, ಇನ್ನೊಂದು ಚಿನ್ನದ ಬಣ್ಣದ್ದು.