ಘಾಟಿಯಲ್ಲಿ ಸುಸ್ತಾಗುತ್ತಿದ್ದ ಡೀಸೆಲ್ ಕಾರು

ಶಿರಾಡಿ ಘಾಟಿ ಹತ್ತುವಾಗ ನಮ್ಮ ಟರ್ಬೊ ಡೀಸೆಲ್ ಕಾರು ಮೊದಲಿನಂತೆ ಎಳೆಯುತ್ತಿರಲಿಲ್ಲ. ಟರ್ಬೊ ಪ್ರೆಶರ್ ಸರಿ ಇತ್ತು, ಪೈಪ್‌ಗಳಿಗೆ ಸೋಪು ನೀರು ಹಚ್ಚಿ ನೋಡಿದರೂ ಲೀಕ್ ಇಲ್ಲ. ಆದರೆ ಸ್ಕ್ಯಾನರ್‌ನಲ್ಲಿ ನೋಡಿದರೆ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ದಾಟಿ ಬಂದ ಮೇಲೂ ಗಾಳಿ 85 ಡಿಗ್ರಿ!

ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತೆ, ಸೈಕಲ್ ಪಂಪಿನ ತುದಿ ಬಿಸಿಯಾಗುತ್ತಲ್ಲ, ಹಾಗೆ. ಬಿಸಿ ಗಾಳಿ ಹಿಗ್ಗುತ್ತೆ, ಅದಕ್ಕೇ ಅದೇ ಪ್ರೆಶರ್ ಇದ್ದರೂ ಸಿಲಿಂಡರಿಗೆ ಹೋಗುವ ಆಕ್ಸಿಜನ್ ಕಮ್ಮಿ. ಆಕ್ಸಿಜನ್ ಕಮ್ಮಿ ಅಂದ್ರೆ ಉರಿಸಬಹುದಾದ ಡೀಸೆಲ್ಲೂ ಕಮ್ಮಿ, ಸುಮ್ನೆ ಜಾಸ್ತಿ ಸುರಿದರೆ ಕಪ್ಪು ಹೊಗೆ ಅಷ್ಟೇ.

ಬಂಪರ್ ಬಿಚ್ಚಿದರೆ ಇಂಟರ್‌ಕೂಲರ್ ರೆಕ್ಕೆಗಳ ಸಂದಿಯಲ್ಲಿ ಕೆಂಪು ಮಣ್ಣು, ಸತ್ತ ಹುಳ ಗಟ್ಟಿಯಾಗಿ ಕೂತಿತ್ತು. ಹೊರಗಿನ ಗಾಳಿ ಒಳಗೆ ನುಗ್ಗೋಕೆ ದಾರಿಯೇ ಇಲ್ಲ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಪ್ರೆಶರ್ ವಾಷರ್ ಬೇಡ, ರೆಕ್ಕೆ ಮಡಚುತ್ತೆ.

ಅದೇ ಏರಿನಲ್ಲಿ ಈಗ 50 ಡಿಗ್ರಿ. ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿದರೆ 358 ಭಾಗಿಸು 323, ಅಂದರೆ ಅದೇ ಪ್ರೆಶರ್‌ಗೆ ಸುಮಾರು ಶೇ. 11ರಷ್ಟು ಜಾಸ್ತಿ ಗಾಳಿ. ಮೂರನೇ ಗೇರಿನಲ್ಲೇ ತಿರುವು ಹತ್ತಿತು. ಒಂದು ಮಾತು, ಕೆಲವು ಕಾರುಗಳಲ್ಲಿ ಸ್ಕ್ಯಾನರ್ ತೋರಿಸೋದು ಟರ್ಬೊಗೆ ಮುಂಚಿನ ಗಾಳಿಯ ಬಿಸಿ, ಅದನ್ನು ನೋಡಿ ಇಂಟರ್‌ಕೂಲರ್ ಚೆನ್ನಾಗಿದೆ ಅಂದ್ಕೋಬೇಡಿ.