ಕುದಿಸಿದರೂ ವಾಸನೆ ಬಿಡದ ಹಾಲಿನ ಬಾಟಲಿ: ಜಿಡ್ಡು ತೆಗೆಯುವ ಕ್ರಮ

ದಿನಾ ಸಂಜೆ ಹತ್ತು ನಿಮಿಷ ಕುದಿಸಿದರೂ ಮಗುವಿನ ಬಾಟಲಿ ಮಬ್ಬಾಗಿಯೇ ಇರುತ್ತದೆ, ನಿಪ್ಪಲ್ ಮೂಗಿಗೆ ಹಿಡಿದರೆ ಕಮಟು ವಾಸನೆ. ಇನ್ನೂ ಹೆಚ್ಚು ಹೊತ್ತು ಕುದಿಸಿದರೆ ಸರಿಹೋದೀತು ಎಂದು ಅನೇಕರು ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. ಕುದಿಸುವುದು ರೋಗಾಣುಗಳನ್ನು ಕೊಲ್ಲುವ ಕೆಲಸ, ಜಿಡ್ಡನ್ನು ತೆಗೆಯುವ ಕೆಲಸವಲ್ಲ. ಜಿಡ್ಡು ಹೋಗಬೇಕಾದರೆ ಸೋಪು, ನೀರು, ಬ್ರಷ್ಷಿನ ತಿಕ್ಕಾಟ ಬೇಕು. ಮೊದಲು ತೊಳೆಯಬೇಕು, ಆಮೇಲೆ ಕುದಿಸಬೇಕು. ತೊಳೆಯುವುದು ಅರ್ಧವಾಗಿದ್ದರೆ ಕುದಿಸಿದ್ದೂ ಅರ್ಧವೇ ಆಗುತ್ತದೆ. ಉಳಿದ ಹಾಲಿನ ಪದರ ಬ್ಯಾಕ್ಟೀರಿಯಾಗಳಿಗೆ ಮರೆಯಾಗಿ ನಿಲ್ಲುತ್ತದೆ, ಕುದಿಸಿದ ಮೇಲೆ ಹೊಸದಾಗಿ ಸೇರಿದವಕ್ಕೆ ಅದೇ ಆಹಾರವೂ ಆಗುತ್ತದೆ.

ಈ ಪದರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಹಾಲಿನ ಕೊಬ್ಬು, ಪ್ರೋಟೀನು ಮತ್ತು ಸುಣ್ಣದಂಶ. ಕೊಬ್ಬು ಬಿಸಿನೀರು ಮತ್ತು ಸೋಪಿಗೆ ಬಿಡುತ್ತದೆ. ಪ್ರೋಟೀನು ಅದಕ್ಕೆ ತದ್ವಿರುದ್ಧ, ಬಿಸಿ ತಗುಲಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸುಣ್ಣದಂಶ ಸೋಪಿಗೆ ಜಗ್ಗುವುದೇ ಇಲ್ಲ, ಅದಕ್ಕೆ ಹುಳಿ ಬೇಕು. ಹಾಲು ಕಾಯಿಸಿದ ಪಾತ್ರೆಗೆ ಕೂಡಲೇ ತಣ್ಣೀರು ಹಾಕಿಟ್ಟರೆ ಬೇಗ ಬಿಡುತ್ತದೆ, ಒಲೆಯ ಮೇಲೇ ಒಣಗಿದರೆ ಕೆರೆದರೂ ಬಿಡುವುದಿಲ್ಲ. ಬಾಟಲಿಯೊಳಗೂ ಅದೇ ನಡೆಯುತ್ತದೆ. ಹಾಗಾಗಿ ಹಾಲು ಕುಡಿಸಿದ ಬಾಟಲಿಗೆ ಮೊದಲು ಬಿಸಿನೀರು ಹಾಕಲೇಬಾರದು.

<b>ಪ್ರತಿ ಸಲದ ತೊಳೆತ</b>

ಮಗು ಕುಡಿದು ಬಿಟ್ಟ ಹಾಲನ್ನು ಚೆಲ್ಲಿ, ಬಾಟಲಿಯ ಎಲ್ಲ ಭಾಗಗಳನ್ನೂ ಬಿಡಿಸಿ: ಬಾಟಲಿ, ತಿರುಗಿಸುವ ರಿಂಗು, ನಿಪ್ಪಲ್, ಮುಚ್ಚಳ, ಗಾಳಿ ಒಳಬಿಡುವ ವಾಲ್ವ್ ಇದ್ದರೆ ಅದೂ. ಇವನ್ನೆಲ್ಲ ನಲ್ಲಿಯ ತಣ್ಣೀರಿನಲ್ಲಿ ಬಿಳಿ ಬಣ್ಣ ಹೋಗುವವರೆಗೆ ಜಾಲಾಡಿಸಿ. ಆಗಲೇ ಪೂರ್ತಿ ತೊಳೆಯಲು ಪುರುಸೊತ್ತಿಲ್ಲದಿದ್ದರೆ ಇಷ್ಟಾದರೂ ಮಾಡಿ, ತಣ್ಣೀರು ತುಂಬಿ ಇಡಿ. ರಾತ್ರಿ ಎರಡು ಗಂಟೆಗೆ ಕುಡಿಸಿದ ಬಾಟಲಿ ಬೆಳಗಿನವರೆಗೆ ಹಾಗೇ ಒಣಗಿ ನಿಂತರೆ ಆ ಪದರ ತೆಗೆಯಲು ಎರಡರಷ್ಟು ಕೆಲಸ.

ಇನ್ನು ಸೋಪಿನ ನೀರು. ಇದಕ್ಕೆಂದೇ ಒಂದು ಬೇಸಿನ್ ಇಟ್ಟುಕೊಳ್ಳಿ, ಸಿಂಕಿನಲ್ಲಿ ಬೇಡ. ಸಾರಿನ ಪಾತ್ರೆ, ಮಾಂಸ ತೊಳೆದ ನೀರು ಎಲ್ಲ ಸಿಂಕಿನಲ್ಲೇ ಹೋಗಿರುತ್ತದೆ. ಕೈ ತಾಳುವಷ್ಟು ಬಿಸಿಯಾದ ಎರಡು ಲೀಟರ್ ನೀರಿಗೆ ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ವಾಸನೆ ಇಲ್ಲದ್ದೋ, ಕಡಿಮೆ ವಾಸನೆಯದ್ದೋ ಆದರೆ ಒಳ್ಳೆಯದು. ಸಿಲಿಕೋನ್ ನಿಪ್ಪಲ್ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ವಸ್ತು, ಸೋಪಿನ ಸುವಾಸನೆಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ.

ಬ್ರಷ್ಷನ್ನು ಬಾಟಲಿಯ ತಳದಲ್ಲಿ ತಿರುಗಿಸುವುದು ಎಲ್ಲರಿಗೂ ಗೊತ್ತು. ಜಿಡ್ಡು ಹೆಚ್ಚಾಗಿ ಉಳಿಯುವುದು ತಳದಲ್ಲಲ್ಲ, ಕುತ್ತಿಗೆಯ ಕೆಳಗಿನ ತಿರುವಿನಲ್ಲಿ ಮತ್ತು ರಿಂಗು ಕೂರುವ ತಿರುಪಿನ ಮರೆಗಳಲ್ಲಿ. ಬ್ರಷ್ಷನ್ನು ಓರೆಯಾಗಿ ಹಿಡಿದು ಆ ತಿರುವಿನ, ಅಂದರೆ ಬಾಟಲಿಯ ಭುಜದ ಒಳಭಾಗವನ್ನು ತಿಕ್ಕಿ, ಮರೆಗಳನ್ನು ಹೊರಗಿನಿಂದ ತಿಕ್ಕಿ. ರಿಂಗಿನ ಒಳಮರೆಗೆ ಸಣ್ಣ ಬ್ರಷ್ಷೇ ಬೇಕು.

ನಿಪ್ಪಲನ್ನು ಒಳಭಾಗ ಹೊರಗೆ ಬರುವಂತೆ ಮಗುಚಿ, ಬೆರಳಿನಲ್ಲೇ ಸೋಪು ಹಚ್ಚಿ ಉಜ್ಜಿ. ಆಮೇಲೆ ನೇರ ಮಾಡಿ, ಸೋಪಿನ ನೀರು ತುಂಬಿ, ಬಾಯಿ ಮುಚ್ಚಿ ಹಿಸುಕಿ. ತೂತಿನಿಂದ ನೀರು ಸಣ್ಣ ಧಾರೆಯಾಗಿ ಚಿಮ್ಮಬೇಕು. ಅಡ್ಡಾದಿಡ್ಡಿ ಚಿಮ್ಮಿದರೆ ಅಥವಾ ತೊಟ್ಟಿಕ್ಕಿದರೆ ತೂತಿನಲ್ಲಿ ಹಾಲು ಗಟ್ಟಿಯಾಗಿ ಕೂತಿದೆ ಎಂದರ್ಥ. ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಹಾಲು ಹೆಚ್ಚು ಸುರಿದು ಮಗುವಿಗೆ ನೆತ್ತಿಗೇರುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ ಮತ್ತೆ ಹಿಸುಕಿ. ನಿಪ್ಪಲಿನ ಅಂಚಿನಲ್ಲಿರುವ ಗಾಳಿ ತೂತಿಗೂ ಇದೇ ಕ್ರಮ. ಕೊನೆಗೆ ಎಲ್ಲವನ್ನೂ ಹರಿಯುವ ನೀರಿನಲ್ಲಿ, ಬೆರಳಿಗೆ ಜಾರುವಿಕೆ ತಿಳಿಯದಷ್ಟು ತೊಳೆಯಿರಿ.

<b>ಮಬ್ಬು ಯಾವುದರದ್ದು?</b>

ಇಷ್ಟು ಮಾಡಿಯೂ ಮಬ್ಬು ಉಳಿದಿದೆ ಎಂದರೆ ಅದು ಯಾವುದರ ಪದರ ಎಂದು ಮೊದಲು ತಿಳಿಯಬೇಕು. ಹಾಸನದ ಬಡಾವಣೆಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೋರ್‌ವೆಲ್ ನೀರು, ಪುಡಿ ಹಾಲು, 250 ಮಿ.ಲೀ.ನ ಪ್ಲಾಸ್ಟಿಕ್ ಬಾಟಲಿ. ಪ್ರತಿ ಸಲವೂ ಕುದಿಯುವ ನೀರು ಹುಯ್ದು ಕುಲುಕಿ, ಸಂಜೆ ಕುದಿಸುತ್ತಾರೆ. ಬಾಟಲಿ ತಿಂಗಳಲ್ಲೇ ಬಿಳಿಚಿದೆ, ವಾಸನೆಯೂ ಇದೆ.

ಬಾಟಲಿಯನ್ನು ಪೂರ್ತಿ ಒಣಗಿಸಿ, ಒಳಗೆ ಬೆರಳಾಡಿಸಿ. ಬೆರಳು ಜಾರಿದರೆ, ನೀರು ಹಾಕಿದಾಗ ಹನಿಹನಿಯಾಗಿ ಒಡೆದು ನಿಂತರೆ ಕೊಬ್ಬು ಉಳಿದಿದೆ. ಬೆರಳಿಗೆ ಸಣ್ಣ ಮರಳಿನ ಹಾಗೆ ತರಿತರಿಯಾದರೆ ಸುಣ್ಣ. ಈ ಮನೆಯ ಬಾಟಲಿಯಲ್ಲಿ ಎರಡೂ ಇವೆ, ಭುಜದ ಹತ್ತಿರ ಜಿಡ್ಡು, ಉಳಿದೆಡೆ ತರಿ. ಆಗ ಜಿಡ್ಡನ್ನು ಮೊದಲು ತೆಗೆಯಬೇಕು. ಕೊಬ್ಬಿನ ಪದರ ಮೇಲಿದ್ದರೆ ಹುಳಿ ನೀರು ಕೆಳಗಿನ ಸುಣ್ಣವನ್ನು ತಲುಪುವುದಿಲ್ಲ.

ಒಂದು ಲೀಟರ್ ಬಿಸಿನೀರಿಗೆ ಒಂದು ಟೇಬಲ್ ಚಮಚ ಅಡುಗೆ ಸೋಡ, ಎರಡು ಹನಿ ಲಿಕ್ವಿಡ್ ಹಾಕಿ ಬಾಟಲಿಯನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬ್ರಷ್ಷಿನಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಈಗ ಬಾಟಲಿಯ ಮೇಲಿನ ಗೆರೆಯನ್ನೇ ಅಳತೆಯಾಗಿಸಿ 120 ಮಿ.ಲೀ. ಬಿಳಿ ವಿನೆಗರ್, ಅದಕ್ಕೆ 120 ಮಿ.ಲೀ. ಬೆಚ್ಚಗಿನ ನೀರು ಸೇರಿಸಿ ಅರ್ಧ ಗಂಟೆ ಬಿಡಿ. ಸುಣ್ಣ ತೆಳ್ಳಗಿದ್ದರೆ ಒಂದೇ ಸಲಕ್ಕೆ ಹೋಗುತ್ತದೆ, ದಪ್ಪಗಿದ್ದರೆ ಮತ್ತೊಮ್ಮೆ. ಸೋಡ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ನೊರೆ ಜೋರಾಗಿ ಬರುತ್ತದೆ ನಿಜ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆದುಹಾಕುತ್ತದೆ. ವಿನೆಗರನ್ನು ಬ್ಲೀಚಿನ ಜೊತೆ ಮಾತ್ರ ಎಂದೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ.

ಎರಡೂ ಮಾಡಿದ ಮೇಲೂ ಮಬ್ಬು ಹಾಗೇ ಇದ್ದರೆ ಅದು ಪದರವಲ್ಲ, ಪ್ಲಾಸ್ಟಿಕ್ಕಿಗೇ ಬಿದ್ದ ಗೀರು. ಸ್ಟೀಲ್ ನಾರು, ಬೂದಿ, ಒಳಗೆ ಅಕ್ಕಿಕಾಳು ಹಾಕಿ ಕುಲುಕುವುದು ಇವೆಲ್ಲ ಗೀರು ಮಾಡುತ್ತವೆ. ಗೀರಿನೊಳಗೆ ಬ್ರಷ್ಷು ಹೋಗುವುದಿಲ್ಲ, ಹಾಲು ಹೋಗುತ್ತದೆ. ಅಂಥ ಬಾಟಲಿಯನ್ನು ಬದಲಾಯಿಸಲೇಬೇಕು.

<b>ವಾಸನೆ ಎಲ್ಲಿಂದ?</b>

ಬಾಟಲಿ ಮೂಸಿ ನೋಡುವ ಬದಲು ಭಾಗಗಳನ್ನು ಒಂದೊಂದಾಗಿ ಮೂಸಿ. ಬಹಳ ಸಲ ಬಾಟಲಿ ಸ್ವಚ್ಛವಾಗಿಯೇ ಇರುತ್ತದೆ, ವಾಸನೆ ನಿಪ್ಪಲಿನದ್ದೋ ವಾಲ್ವಿನದ್ದೋ ಆಗಿರುತ್ತದೆ. ಕಮಟು ವಾಸನೆ ಹಳೆಯ ಕೊಬ್ಬಿನದ್ದು, ಹುಳಿ ವಾಸನೆ ಉಳಿದ ಹಾಲು ಒಡೆದದ್ದು, ಮುಗ್ಗಲು ವಾಸನೆ ಒಣಗದೆ ಮುಚ್ಚಿಟ್ಟದ್ದರದ್ದು. ಸಿಲಿಕೋನ್ ನಿಪ್ಪಲನ್ನು ಮೇಲೆ ಹೇಳಿದ ಸೋಡ ನೀರಿನಲ್ಲೇ ಒಂದು ಗಂಟೆ ನೆನೆಸಿ, ತೊಳೆದು, ಗಾಳಿಗೆ ಬಿಡಿ. ಮರುದಿನವೂ ವಾಸನೆ ಇದ್ದರೆ ಅದು ಒಳಕ್ಕೆ ಇಳಿದಿದೆ, ಹೊಸದು ತನ್ನಿ.

ಎದೆಹಾಲು ಹಿಂಡಿ ಫ್ರಿಜ್ಜಿನಲ್ಲಿಡುವವರು ಒಂದು ಪರೀಕ್ಷೆ ಮಾಡಿಕೊಳ್ಳಿ. ತೊಳೆದ ಬಾಟಲಿಗೆ ಕುದಿಸಿ ಆರಿಸಿದ ಬೆಚ್ಚಗಿನ ನೀರು ತುಂಬಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಮೂಸಿ. ನೀರಿಗೆ ವಾಸನೆ ಇಲ್ಲ, ಹಾಲಿಗೆ ಮಾತ್ರ ಸೋಪಿನಂಥ ವಾಸನೆ ಇದೆ ಎಂದರೆ ಅದು ಬಾಟಲಿಯ ತಪ್ಪಲ್ಲ. ಎದೆಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದಾಗ ಹಾಗಾಗುತ್ತದೆ. ಆ ಹಾಲು ಕೆಟ್ಟದ್ದಲ್ಲ, ಮಗುವಿಗೆ ಕೊಡಬಹುದು. ಹುಳಿ ವಾಸನೆ ಬಂದ ಹಾಲು ಬೇರೆ, ಅದನ್ನು ಚೆಲ್ಲಬೇಕು.

<b>ಈಗ ಕುದಿಸುವುದು</b>

ಇದಕ್ಕೆ ಅಗಲಬಾಯಿಯ, ಮುಚ್ಚಳವಿರುವ ಸ್ಟೀಲ್ ಪಾತ್ರೆ ಬೇಕು, ಬೇರೆ ಅಡುಗೆಗೆ ಬಳಸದ್ದು. ಬಾಟಲಿಗಳನ್ನು ಓರೆಯಾಗಿ ನೀರಿಗೆ ಇಳಿಸಿ, ಒಳಗಿನ ಗಾಳಿ ಗುಳುಗುಳು ಎಂದು ಪೂರ್ತಿ ಹೊರಬರಲಿ. ಗಾಳಿಗುಳ್ಳೆ ಉಳಿದ ಜಾಗಕ್ಕೆ ನೀರು ತಾಗುವುದಿಲ್ಲ. ತೇಲುವ ರಿಂಗು, ನಿಪ್ಪಲುಗಳ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು ಮುಳುಗಿಸಿ. ಮುಚ್ಚಿ, ನೀರು ಕೊತಕೊತ ಕುದಿಯತೊಡಗಿದ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ. ಒಲೆ ಹಚ್ಚಿದಾಗಿನಿಂದ ಎಣಿಸಬೇಡಿ. ನೀರು ಬತ್ತಿದರೆ ಪ್ಲಾಸ್ಟಿಕ್ ತಳಕ್ಕೆ ತಾಗಿ ಸೊಟ್ಟಗಾಗುತ್ತದೆ. ಬಾಟಲಿ ಕುದಿ ತಾಳುವಂಥದ್ದೇ ಎಂದು ಅದರ ಡಬ್ಬಿಯ ಮೇಲೆ ನೋಡಿಕೊಂಡಿರಿ.

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ, ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ಮಗುವಿಗೆ ಭೇದಿ ತರುವ ಸಾಮಾನ್ಯ ರೋಗಾಣುಗಳಿಗೆ ಆ ಬಿಸಿಯೂ ಸಾಕು, ಹತ್ತು ನಿಮಿಷವನ್ನು ಕಡಿಮೆ ಮಾಡದಿದ್ದರಾಯಿತು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ನೂರು ಡಿಗ್ರಿಯಲ್ಲೂ ಬದುಕುತ್ತವೆ, ಅವು ಮೊಳೆಯಲು ಹಾಲಿನ ಅಂಶ ಉಳಿಸಬಾರದು ಎನ್ನುವುದಕ್ಕೂ ತೊಳೆತವೇ ಮುಖ್ಯ.

ಗಡಸು ನೀರನ್ನು ಕುದಿಸಿದಾಗ ಸುಣ್ಣ ಬೇರ್ಪಟ್ಟು ಬಾಟಲಿಗೇ ಮೆತ್ತಿಕೊಳ್ಳುತ್ತದೆ. ಮೇಲಿನ ಮನೆಯಲ್ಲಿ ಆದದ್ದೂ ಅದೇ. ಕುದಿಸಲು ಬೋರ್‌ವೆಲ್ ನೀರಿನ ಬದಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಹಬೆಯ ಸ್ಟೆರಿಲೈಜರ್ ಬಳಸುವವರಿಗೂ ಇದು ಅನ್ವಯಿಸುತ್ತದೆ.

ಎರಡು ತಿಂಗಳೊಳಗಿನ ಮಗು, ತಿಂಗಳು ತುಂಬದೆ ಹುಟ್ಟಿದ ಮಗು, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗು ಇವರಿಗೆ ದಿನಕ್ಕೊಮ್ಮೆಯಾದರೂ ಕುದಿಸುವುದು ಬಿಡಬಾರದು. ದೊಡ್ಡ ಮಗುವಿಗೂ ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ, ಮಳೆಗಾಲದಲ್ಲಿ ಕೆಂಪು ನೀರು ಬರುವ ಕಡೆ, ಒಂದು ವರ್ಷದವರೆಗೆ ಮುಂದುವರಿಸುವುದೇ ಕ್ಷೇಮ. ತೊಳೆಯುವುದು ಮಾತ್ರ ಎಲ್ಲ ವಯಸ್ಸಿಗೂ ಪ್ರತಿ ಸಲವೂ.

<b>ಮಲೆನಾಡ ಮಳೆಯಲ್ಲಿ ಒಣಗಿಸುವುದು</b>

ಕುದಿಸಿದ ಬಾಟಲಿಯನ್ನು ಬಟ್ಟೆಯಿಂದ ಒರೆಸಬೇಡಿ, ಕುದಿಸಿದ ಲಾಭವೆಲ್ಲ ಬಟ್ಟೆಯಲ್ಲಿ ಹೋಗುತ್ತದೆ. ಬಿಸಿಲಿನ ದಿನಗಳಲ್ಲಿ ಶುಭ್ರ ಜಾಲರಿಯ ಮೇಲೆ ಬೋರಲು ಹಾಕಿದರೆ ತಾನಾಗಿ ಒಣಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಜುಲೈ, ಆಗಸ್ಟಿನಲ್ಲಿ ಏನೂ ಒಣಗುವುದಿಲ್ಲ, ಅರೆಒದ್ದೆ ಬಾಟಲಿಗೆ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟರೆ ಎರಡೇ ದಿನದಲ್ಲಿ ಮುಗ್ಗಲು. ಅಂಥ ಕಾಲದಲ್ಲಿ ಕುದಿಸಿದ ಪಾತ್ರೆಯ ಮುಚ್ಚಳ ತೆಗೆಯದೆ ಬಾಟಲಿಗಳನ್ನು ಅದರಲ್ಲೇ ಬಿಟ್ಟು, ಬೇಕಾದಾಗ ಕೈ ತೊಳೆದು ಒಂದೊಂದಾಗಿ ತೆಗೆದು, ನೀರು ಕೊಡವಿ ಬಳಸಿ. ಅಂದು ಬಳಸದೆ ಉಳಿದದ್ದನ್ನು ಮರುದಿನ ಮತ್ತೆ ಕುದಿಸಿ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ನಿಪ್ಪಲಿಗೆ ಹೊಗೆ ಹಿಡಿಯುತ್ತದೆ, ಕಾಫಿಪುಡಿ ಡಬ್ಬದ ಪಕ್ಕವೂ ಬೇಡ.

ಬ್ರಷ್ಷನ್ನು ಮರೆಯಬೇಡಿ. ಒದ್ದೆ ಬ್ರಷ್ಷು ಮಗ್ಗಿನಲ್ಲಿ ನಿಂತಿದ್ದರೆ ವಾಸನೆ ಅದರಿಂದಲೇ ಬಾಟಲಿಗೆ ಬರುತ್ತದೆ. ಅದನ್ನೂ ಬೇಸಿನ್ನನ್ನೂ ದಿನಾ ಸೋಪಿನಿಂದ ತೊಳೆದು, ಬ್ರಷ್ಷನ್ನು ತೂಗುಹಾಕಿ. ಕೂದಲು ಬಾಗಿದರೆ ಬದಲಾಯಿಸಿ. ನಿಪ್ಪಲನ್ನು ಪ್ರತಿ ಸಲ ಎಳೆದು ಬೆಳಕಿಗೆ ಹಿಡಿದು ನೋಡಿ: ಅಂಟಂಟಾಗಿದ್ದರೆ, ಉಬ್ಬಿದ್ದರೆ, ಬಣ್ಣ ಕಂದಿದ್ದರೆ, ಹಲ್ಲು ಬರುವ ಮಗು ಕಚ್ಚಿ ಸೀಳಿದ್ದರೆ ಅಂದೇ ಎಸೆಯಿರಿ.

ಇಷ್ಟೆಲ್ಲ ಸಂದುಗೊಂದುಗಳನ್ನು ದಿನಕ್ಕೆ ಎಂಟು ಸಲ ತೊಳೆಯಲಾಗದ ಮನೆಗಳಿಗೆ, ಪ್ರಯಾಣದಲ್ಲಿರುವವರಿಗೆ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ನಮ್ಮ ಹಳೆಯ ಒಳಲೆ ಇದೆ. ನಿಪ್ಪಲಿಲ್ಲ, ಮರೆಯಿಲ್ಲ, ವಾಲ್ವಿಲ್ಲ. ಸ್ಟೀಲ್ ಅಥವಾ ಬೆಳ್ಳಿಯ ಒಳಲೆಯ ಎಲ್ಲ ಮೈಯೂ ಬೆರಳಿಗೆ ಸಿಗುತ್ತದೆ. ಮಗುವನ್ನು ತಲೆ ಎತ್ತಿ ಕೂರಿಸಿದಂತೆ ಹಿಡಿದು, ಹಾಲನ್ನು ಬಾಯೊಳಗೆ ಸುರಿಯದೆ, ತುಟಿಗೆ ತಾಗಿಸಿ ಅದು ತಾನೇ ಹೀರುವಷ್ಟು ಮಾತ್ರ ಬಗ್ಗಿಸಬೇಕು.