ಮರಿಯ ಫುಡ್ ಪ್ಯಾಕೆಟ್ ಫೋಟೋ ಅನುವಾದ ಮಾಡುವಾಗ ತಲೆಸಾಲನ್ನು ಬೇರೆಯಾಗಿ ತೆಗೆಯಿರಿ

ಬೆಂಗಳೂರಿನಲ್ಲಿ ಸಿಗುವ ನಾಯಿ ಫುಡ್ ಪ್ಯಾಕೆಟ್‌ಗಳ ಮೇಲೆ ಕನ್ನಡ ಅಪರೂಪ, ಅಲ್ವಾ? ಮನೆಯ ಹಿರಿಯರಿಗಾಗಿ ಗೂಗಲ್ ಲೆನ್ಸ್‌ನಲ್ಲಿ ಅನುವಾದ ಮಾಡುವಾಗ, ಎಷ್ಟು ಊಟ ಹಾಕಬೇಕು ಅನ್ನುವ ಅಳತೆ ಪಟ್ಟಿಯ ತಲೆಸಾಲನ್ನು ಮಾತ್ರ ಹತ್ತಿರದಿಂದ ಒಂದು ಫೋಟೋ ತೆಗೆದು ಮೊದಲು ಓದಿ. ಅಂಕಿಗಳನ್ನು ಪ್ಯಾಕೆಟ್ ನೋಡಿಯೇ ಬರೆದುಕೊಳ್ಳಿ. ಪೂರ್ತಿ ಪಟ್ಟಿಯನ್ನು ಒಟ್ಟಿಗೆ ಅನುವಾದಿಸಿದರೆ ಸಾಲುಗಳು ಕಲಸಿಹೋಗಬಹುದು. ಜೊತೆಗೆ ‘ಅಡಲ್ಟ್ ವೆಯ್ಟ್’ ಅನ್ನುವುದು ಬರೀ ‘ತೂಕ’ ಆಗಿಬಿಡಬಹುದು. ಮರಿಗಳ ಫುಡ್‌ನಲ್ಲಿ ಎಷ್ಟೋ ಸಲ ಆ ತೂಕ ಮರಿಯ ಈಗಿನ ತೂಕವಲ್ಲ, ಬೆಳೆದ ಮೇಲೆ ಬರುವ ತೂಕ. ನಾಲ್ಕು ತಿಂಗಳ ಮರಿ ಈಗ 10 ಕೆಜಿ, ದೊಡ್ಡದಾದಾಗ 25 ಕೆಜಿ ಆಗುತ್ತದೆ ಅಂದುಕೊಳ್ಳಿ. ಅಂಥ ಪಟ್ಟಿಯಲ್ಲಿ ನೋಡಬೇಕಾದ್ದು 25ರ ಸಾಲು, ನಾಲ್ಕನೇ ತಿಂಗಳ ಕಾಲಂ. 10ರ ಸಾಲು ನೋಡಿದರೆ ಮರಿಗೆ ಊಟ ಕಡಿಮೆ ಬೀಳುತ್ತದೆ. 25ರ ಸಾಲಿನಲ್ಲಿ 300 ಗ್ರಾಂ ಅಂತಿದ್ದರೆ ಅದು ಸಾಮಾನ್ಯವಾಗಿ ಇಡೀ ದಿನದ್ದು. ಮೂರು ಹೊತ್ತು ಹಾಕುವವರು 100 ಗ್ರಾಂನಂತೆ ತೂಗಿ ಹಾಕಿ. ಕಪ್ ಲೆಕ್ಕ ಬೇಡ, ಕಪ್‌ಗಳು ಒಂದೇ ಅಳತೆಯಲ್ಲಿರುವುದಿಲ್ಲ. ಲಸಿಕೆ ಪುಸ್ತಕಕ್ಕೆ ಮಾತ್ರ ಈ ಫೋಟೋ ಅನುವಾದವನ್ನು ನಂಬಬೇಡಿ. ಡಾಕ್ಟರ್ ಕೈಬರಹದ 0.5 ಎಂಎಲ್‌ನಲ್ಲಿ ಚುಕ್ಕೆ ತಪ್ಪಿದರೆ 5 ಆಗುತ್ತದೆ, ಅಂದರೆ ಹತ್ತುಪಟ್ಟು ಜಾಸ್ತಿ. ಜಂತುಹುಳದ ಔಷಧಿಯನ್ನು ಆ ದಿನದ ತೂಕ ನೋಡಿ ಕೊಡುತ್ತಾರೆ, ಹಾಗಾಗಿ ಹಳೇ ಪುಟದ ಡೋಸ್ ಈಗ ಹೊಂದುವುದಿಲ್ಲ. ಮರಿಯನ್ನು ತೂಗಿಸಿ, ಡಾಕ್ಟರ್ ಹತ್ತಿರವೇ ಅಂಕಿ ಬರೆಸಿಕೊಳ್ಳಿ.